ಅಳಿಸಿಹೋದ ವಿಡಿಯೊದಲ್ಲಿ ಮೊದಲು ನಡೆದದ್ದೇನು?

ಕರಾಚಿಯ ಒಂದು ಗಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಮರೆಯಾಗುತ್ತಾರೆ. ಕೆಲವೇ ಕ್ಷಣಗಳಲ್ಲಿ ಅದೇ ಬೈಕು ವಾಪಸ್ ಬರುತ್ತದೆ. ಮಗುವನ್ನು ಇಳಿಸಿ, ಸವಾರ ಕ್ಯಾಮೆರಾಕ್ಕೆ ಒಂದು ಫಲಕ ತೋರಿಸುತ್ತಾನೆ: ಬೀದಿಯಿಂದ ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು, ನಿಮ್ಮ ಮಕ್ಕಳ ಮೇಲೆ ಕಣ್ಣಿಡಿ ಎಂಬ ಅರ್ಥದ ಬರಹ. ಇದು ಕರಾಚಿಯ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಜಾಗೃತಿಗಾಗಿ ಮಾಡಿಸಿದ ಕಿರುಚಿತ್ರ.

2018ರಲ್ಲಿ ಈ ಚಿತ್ರ ಭಾರತದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು, ಆದರೆ ಬಾಲ ಕತ್ತರಿಸಿಕೊಂಡು. ಬೈಕು ವಾಪಸ್ ಬರುವ ಭಾಗವೂ ಇಲ್ಲ, ಫಲಕವೂ ಇಲ್ಲ. ಉಳಿದದ್ದು ಹಾಡಹಗಲಿನ ಅಪಹರಣ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ದೇಶದ ಹಲವೆಡೆ ಹಬ್ಬಿದ್ದ ತಿಂಗಳುಗಳವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಜನರ ಗುಂಪು ಹೊಡೆದು ಕೊಂದಿತು. ಅದೇ ಜುಲೈಯಲ್ಲಿ ವಾಟ್ಸ್‌ಆ್ಯಪ್ ಭಾರತದ ಮಟ್ಟಿಗೆ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ತಡೆ ಹಾಕಲು ಹೊರಟಿತು.

ಕತ್ತರಿ ಬಿದ್ದದ್ದು ಎಲ್ಲಿ ಎಂದು ಪತ್ರಕರ್ತರು ಹೇಳಲು ಆಗಿದ್ದು ಪೂರ್ತಿ ಚಿತ್ರ ಅಂತರ್ಜಾಲದಲ್ಲಿ ಸಿಕ್ಕಿದ್ದರಿಂದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಗಿಯಿತು, ವಾದಕ್ಕೆ ಜಾಗವೇ ಇಲ್ಲ. ಸಿಗದಿದ್ದರೆ? ಪರಿಶೀಲಿಸಬೇಕಾದವರು ಲಿಂಕ್ ಒತ್ತುವ ಹೊತ್ತಿಗೆ ಕಡತವೇ ಅಲ್ಲಿಲ್ಲದಿದ್ದರೆ? ಇದು ಅಪರೂಪದ ಸಂಗತಿಯಲ್ಲ. ಸುದ್ದಿಮನೆಯ ಡೆಸ್ಕಿನವರು, ಸೈಬರ್ ಠಾಣೆಯವರು, ಕಾಲೇಜಿನ ಶಿಸ್ತುಸಮಿತಿಯವರು ದಿನವೂ ಇದನ್ನು ಎದುರಿಸುತ್ತಾರೆ. ವಿಡಿಯೊ ಹೋಗಿದೆ, ಆದರೆ ಅದರಲ್ಲಿ ಏನಾಯಿತು, ಯಾವುದರ ನಂತರ ಯಾವುದಾಯಿತು ಎಂದು ಬರೆದುಕೊಡಬೇಕಾಗಿದೆ.

ಮೊದಲ ಕೆಲಸ, ಪರದೆಯ ಮೇಲಿನ ಸಂದೇಶವನ್ನು ಸರಿಯಾಗಿ ಓದುವುದು. ಹೆಚ್ಚಿನವರು ವಿಡಿಯೊ ಇಲ್ಲ ಎಂದು ಗೊತ್ತಾದ ತಕ್ಷಣ ಪುಟ ಮುಚ್ಚಿಬಿಡುತ್ತಾರೆ. ಯೂಟ್ಯೂಬಿನಲ್ಲಿ `This video is private` ಎಂದಿದ್ದರೆ ಕಡತ ಅಳಿದಿಲ್ಲ, ಹಾಕಿದವರು ಬಾಗಿಲು ಹಾಕಿಕೊಂಡಿದ್ದಾರೆ ಅಷ್ಟೆ. `This video has been removed by the uploader` ಎಂದಿದ್ದರೆ ಅವರೇ ತೆಗೆದಿದ್ದಾರೆ, ಮೂಲ ಅವರ ಫೋನಿನಲ್ಲಿ ಇನ್ನೂ ಇರಬಹುದು. ನಿಯಮ ಮುರಿದದ್ದಕ್ಕೆ ಕಂಪನಿ ತೆಗೆದಿದೆ ಎಂದಿದ್ದರೆ ಕೇಳಬೇಕಾದವರು ಬೇರೆ. ಯಾರ ಬಳಿ ಹೋಗಬೇಕೆಂಬುದು ಈ ಒಂದು ಸಾಲಿನಲ್ಲೇ ಇರುತ್ತದೆ. ಆ ಸಾಲೂ ನಾಳೆ ಬದಲಾಗಬಹುದು, ಆದ್ದರಿಂದ ದಿನಾಂಕ, ಗಂಟೆ ಕಾಣುವಂತೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು.

ಆಮೇಲೆ ಉಳಿಯುವುದು ವಿಡಿಯೊ ನೋಡಿದ ಜನ. ನಾಲ್ಕು ಜನ ನೋಡಿದ್ದಾರೆ, ಕೇಳಿ ಬರೆದುಕೊಂಡರಾಯಿತು ಎನ್ನಿಸುತ್ತದೆ. ಇಲ್ಲೇ ಕಾಲು ಜಾರುವುದು.

ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಜೊತೆ ಸೇರಿ 1974ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚುಕಡಿಮೆ ಇದೇ ಪರಿಸ್ಥಿತಿಯದು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಪುಟ್ಟ ತುಣುಕು ತೋರಿಸಿ, ಚಿತ್ರ ತೆಗೆದಿಟ್ಟು, ಪ್ರಶ್ನೆ ಕೇಳಿದರು. ಕಾರುಗಳು ಒಂದಕ್ಕೊಂದು ತಾಗಿದಾಗ ವೇಗ ಎಷ್ಟಿತ್ತು ಎಂದು ಕೆಲವರಿಗೆ, ಅಪ್ಪಳಿಸಿದಾಗ ಎಷ್ಟಿತ್ತು ಎಂದು ಇನ್ನು ಕೆಲವರಿಗೆ. ತಾಗಿದಾಗ ಎಂದು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 32 ಮೈಲಿಯ ಆಸುಪಾಸು, ಅಪ್ಪಳಿಸಿದಾಗ ಎಂದು ಕೇಳಿಸಿಕೊಂಡವರದು 40ರ ಆಸುಪಾಸು. ನೋಡಿದ ಚಿತ್ರಗಳು ಎಲ್ಲರಿಗೂ ಒಂದೇ.

ಎರಡನೇ ಪ್ರಯೋಗದಲ್ಲಿ 150 ಜನರಿಗೆ ಇನ್ನೊಂದು ಅಪಘಾತದ ತುಣುಕು ತೋರಿಸಿ, ಇದೇ ತರಹದ ಪ್ರಶ್ನೆ ಹಾಕಿ ಕಳಿಸಿದರು. ಒಂದು ವಾರ ಬಿಟ್ಟು ಕರೆದು, ಒಡೆದ ಗಾಜು ಕಂಡಿರಾ ಎಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಅಪ್ಪಳಿಸಿದಾಗ ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಕಂಡೆವು ಎಂದರು. ಬರೀ ಗುದ್ದಿದಾಗ ಎಂದು ಕೇಳಿಸಿಕೊಂಡಿದ್ದವರಲ್ಲಿ ಹಾಗೆಂದವರು 7, ವೇಗದ ಪ್ರಶ್ನೆಯನ್ನೇ ಕೇಳಿಸಿಕೊಳ್ಳದವರಲ್ಲಿ 6. ನೆನಪಿನೊಳಗೆ ಗಾಜು ಒಡೆದದ್ದು ಪ್ರಶ್ನೆ ಕೇಳಿದವರ ಬಾಯಿಂದ.

ಇದಕ್ಕಿಂತ ವಿಚಿತ್ರವಾದದ್ದು ನೆದರ್ಲೆಂಡ್ಸಿನ ಅಧ್ಯಯನ. 1992ರ ಅಕ್ಟೋಬರ್ 4ರಂದು ಎಲ್ ಆಲ್ ಕಂಪನಿಯ ಸರಕು ವಿಮಾನವೊಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ವಸತಿ ಸಮುಚ್ಚಯಕ್ಕೆ ಬಡಿಯಿತು. ಟಿವಿಯವರು ತೋರಿಸಿದ್ದು ಆಮೇಲಿನ ಬೆಂಕಿ ಮತ್ತು ಅವಶೇಷ. ವಿಮಾನ ಬಡಿದ ಕ್ಷಣವನ್ನು ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ. ತಿಂಗಳುಗಳ ನಂತರ ಹಾನ್ಸ್ ಕ್ರೊಂಬಾಖ್ ಮತ್ತು ಸಂಗಡಿಗರು, ವಿಮಾನ ಕಟ್ಟಡಕ್ಕೆ ಬಡಿಯುವ ದೃಶ್ಯವನ್ನು ಟಿವಿಯಲ್ಲಿ ನೋಡಿದಿರಾ ಎಂದು ಜನರನ್ನು ಕೇಳಿದರು. ನೂರಕ್ಕೆ 55 ಮಂದಿ ನೋಡಿದೆವು ಎಂದರು. ಬಡಿದ ಎಷ್ಟು ಹೊತ್ತಿಗೆ ಬೆಂಕಿ ಹತ್ತಿತು ಎಂಬುದಕ್ಕೂ ಹಲವರ ಬಳಿ ಉತ್ತರವಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಿದ್ದದ್ದು, ಉರಿದದ್ದು ಗೊತ್ತಿತ್ತು, ನಡುವೆ ಇರಲೇಬೇಕಾದ ದೃಶ್ಯವನ್ನು ಮನಸ್ಸು ತಾನೇ ಕಟ್ಟಿಕೊಟ್ಟಿತ್ತು.

ಘಟನೆಗಳ ಅನುಕ್ರಮದ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಗಾರ್ಡನ್ ಬೋವರ್, ಜಾನ್ ಬ್ಲ್ಯಾಕ್, ಟೆರೆನ್ಸ್ ಟರ್ನರ್ 1979ರಲ್ಲಿ ಓದುಗರಿಗೆ ದಿನನಿತ್ಯದ ಕೆಲಸಗಳ ಪುಟ್ಟ ಕಥೆಗಳನ್ನು ಕೊಟ್ಟರು. ಕೆಲವು ಕಥೆಗಳಲ್ಲಿ ಬೇಕೆಂದೇ ಕೆಲಸಗಳ ಸರದಿ ಹಿಂದುಮುಂದಾಗಿತ್ತು. ನೆನಪಿಸಿಕೊಂಡು ಹೇಳುವಾಗ ಜನ ಅವನ್ನು ಲೋಕರೂಢಿಯ ಸರದಿಯತ್ತ ಎಳೆದು ತಂದರು. ಅದು ಓದಿದ ಕಥೆಯ ಮಾತು, ನಿಜ. ಆದರೂ ವಿಡಿಯೊ ಜಗಳಗಳನ್ನು ಕೇಳಿ ಬರೆಯುವವರಿಗೆ ಪರಿಚಿತ ಜಾಡು. ಮೊದಲು ಬೈಗುಳ, ಆಮೇಲೆ ತಳ್ಳಾಟ, ಆಮೇಲೆ ಹೊಡೆತ ಎಂಬ ಅಚ್ಚು ನಮ್ಮೆಲ್ಲರ ತಲೆಯಲ್ಲಿದೆ, ನೋಡಿದ್ದು ಅದರೊಳಗೆ ಹೋಗಿ ಕೂರುತ್ತದೆ. ಹೊಡೆದದ್ದು ಯಾರು ಎಂಬುದರಷ್ಟೇ ಮುಖ್ಯವಾದದ್ದು ಮೊದಲು ಕೈ ಮಾಡಿದ್ದು ಯಾರು ಎಂಬುದು. ನೆನಪು ಕೈಕೊಡುವುದು ಸರಿಯಾಗಿ ಅಲ್ಲೇ.

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಂಡು ನೋಡೋಣ. ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರು ಆಟೊ ಚಾಲಕನಿಗೂ ಬೈಕಿನ ಹುಡುಗನಿಗೂ ಜಗಳ. ಸ್ಥಳೀಯ ಚಾನೆಲೊಂದು ಅದನ್ನು ಯೂಟ್ಯೂಬಿಗೆ ಹಾಕಿತು. ಯಾರೋ ಅದನ್ನೇ ರೀಲ್ ಮಾಡಿದರು, ಇನ್ಯಾರೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಏರಿಸಿದರು. ಶೀರ್ಷಿಕೆ: ಅಮಾಯಕ ಹುಡುಗನ ಮೇಲೆ ಹಲ್ಲೆ. ಸಂಜೆಯೊಳಗೆ ಮೂರೂ ಕಡೆಯಿಂದ ಅದು ಮಾಯ. ಜಿಲ್ಲಾ ಪತ್ರಿಕೆಯ ಉಪಸಂಪಾದಕರ ಕೈಗೆ ಬಂದದ್ದು ಸತ್ತ ಲಿಂಕ್ ಮತ್ತು ಮೂವರ ಫೋನ್ ನಂಬರು.

ಮೊದಲು ಸಿಕ್ಕವನು ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯವನು. "ಆಟೊದವ್ನು ಸುಮ್‌ಸುಮ್ನೆ ಇಳ್ದು ಬಂದು ಹೊಡ್ದ ಸಾರ್. ಹುಡುಗ ಏನೂ ಮಾಡಿರ್ಲಿಲ್ಲ."

"ಎಲ್ಲಿ ನೋಡಿದ್ರಿ?"

"ಸ್ಟೇಟಸ್ಸಲ್ಲಿ. ಅಂಗಡೀಲಿ ಗಿರಾಕಿ ಇದ್ರು, ಸೌಂಡ್ ಆಫ್ ಮಾಡಿದ್ದೆ."

"ವಿಡಿಯೊ ಶುರುವಾದಾಗ ಮೊದಲು ಕಾಣಿಸಿದ್ದೇನು?"

ಅವನು ತಡೆದು ಹೇಳುತ್ತಾನೆ: "ಶುರುನಲ್ಲೇ ಕೈ ಎತ್ತಿದ್ದ ಅನ್ಸುತ್ತೆ."

ಉಪಸಂಪಾದಕರು ಈ ಉತ್ತರವನ್ನು ಎರಡು ಭಾಗ ಮಾಡಿ ಬರೆದುಕೊಳ್ಳುತ್ತಾರೆ. ಕೈ ಎತ್ತಿದ್ದು ಆತ ಕಂಡದ್ದು. ಸುಮ್ಮನೆ ಹೊಡೆದ, ಹುಡುಗ ಏನೂ ಮಾಡಿರಲಿಲ್ಲ ಎಂಬುದು ಶಬ್ದವಿಲ್ಲದೆ ನೋಡಿದವನಿಗೆ ಗೊತ್ತಾಗುವ ಮಾತಲ್ಲ, ಶೀರ್ಷಿಕೆಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಸ್ಟೇಟಸ್ಸಿಗೆ ಹಾಕಿದವರು ಆರಂಭದ ಭಾಗ ಕತ್ತರಿಸಿದ್ದರೋ ಎಂಬುದೂ ಗೊತ್ತಿಲ್ಲ.

ಎರಡನೆಯವಳು ಕಾಲೇಜು ಹುಡುಗಿ. ಅವಳು ರೀಲ್ ನೋಡಿದ್ದಾಳೆ, ಶಬ್ದದೊಂದಿಗೆ, ನಾಲ್ಕೈದು ಸಲ. "ಆಟೊ ಅಂಕಲ್ ಕೈ ಎತ್ತಿದ್ರು, ಆಮೇಲೆ ಆ ಹುಡುಗ ಅವರ ಕಾಲರ್ ಹಿಡ್ಕೊಂಡ ಸರ್." ಒಳ್ಳೆಯ ಸಾಕ್ಷಿ ಎನ್ನಿಸುತ್ತದೆ. ಆದರೆ ರೀಲ್ ಮುಗಿದ ಕೂಡಲೇ ತಾನಾಗಿ ಮೊದಲಿನಿಂದ ಶುರುವಾಗುತ್ತದೆ, ನಡುವೆ ಬಿಡುವಿಲ್ಲ. ಕೊನೆಯ ದೃಶ್ಯದ ಬೆನ್ನಿಗೇ ಮೊದಲ ದೃಶ್ಯ ಬರುತ್ತದೆ. ಇಪ್ಪತ್ತು ಸೆಕೆಂಡಿನ ತುಣುಕನ್ನು ಹೀಗೆ ಸುತ್ತುಹೊಡೆದು ನೋಡಿದವರಿಗೆ ಕೊನೆಯಲ್ಲಿ ನಡೆದದ್ದು ಮೊದಲಾಗಿ, ಮೊದಲಿನದು ಅದರ ಪರಿಣಾಮವಾಗಿ ಕಾಣುವುದು ಸುಲಭ. ಆದ್ದರಿಂದ ಹೆಚ್ಚು ಸಲ ನೋಡಿದವರ ನೆನಪಿನಲ್ಲಿ ವಿವರಗಳು ಗಟ್ಟಿಯಾಗಿದ್ದು, ಅನುಕ್ರಮ ಮಾತ್ರ ಸಡಿಲವಾಗಿರಬಹುದು. ರೀಲ್ ನೋಡಿದವರನ್ನು ಕೇಳಬೇಕಾದ ಪ್ರಶ್ನೆ ಎಷ್ಟು ಸಲ ನೋಡಿದಿರಿ ಎಂಬುದಲ್ಲ. ಅದು ಮತ್ತೆ ಶುರುವಾಗುವ ಜಾಗ ಎಲ್ಲಿ, ಅಲ್ಲಿ ಚಿತ್ರ ಹೇಗೆ ಹಾರುತ್ತದೆ ಎಂಬುದು.

ಹುಡುಗಿ ಯೋಚಿಸುತ್ತಾಳೆ. "ಆಟೊ ಅಂಕಲ್ ಕೈ ಮೇಲಿರುತ್ತೆ, ಟಕ್ ಅಂತ ಬೈಕ್ ಬರುತ್ತೆ." ಅಂದರೆ ಎತ್ತಿದ ಕೈ ತುಣುಕಿನ ತುದಿಯಲ್ಲಿ, ಬೈಕು ತುಣುಕಿನ ಆರಂಭದಲ್ಲಿ. ಈಗ ಅವಳ ಮೊದಲ ಹೇಳಿಕೆಯೇ ತಿರುವುಮುರುವಾಗುವಂತಿದೆ. ಇಷ್ಟಾದರೂ ಉಪಸಂಪಾದಕರು, ಹಾಗಾದರೆ ಹುಡುಗನೇ ಮೊದಲು ಕೈ ಹಾಕಿದ್ದಲ್ಲವೇ ಎಂದು ಕೇಳುವುದಿಲ್ಲ. ಕೇಳಿದರೆ ಲಾಫ್ಟಸ್ ಅವರ ಗಾಜು ಮತ್ತೆ ಒಡೆಯುತ್ತದೆ. ಸಾಕ್ಷಿಗಳ ವಿಚಾರಣೆಗೆಂದು ಎಡ್ವರ್ಡ್ ಗೈಸೆಲ್‌ಮನ್ ಮತ್ತು ರೊನಾಲ್ಡ್ ಫಿಶರ್ 1980ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಒಂದು ಉಪಾಯವಿದೆ: ಅಡ್ಡ ಪ್ರಶ್ನೆಯಿಲ್ಲದೆ ಪೂರ್ತಿ ಹೇಳಲು ಬಿಟ್ಟು, ಆಮೇಲೆ ಕೊನೆಯಿಂದ ಮೊದಲಿಗೆ ಹಿಂದುಹಿಂದಾಗಿ ಹೇಳಿಸುವುದು. ತಲೆಯೊಳಗಿನ ಅಚ್ಚು ಮುಂದಕ್ಕೆ ಸಲೀಸಾಗಿ ಓಡುತ್ತದೆ, ಹಿಂದಕ್ಕೆ ಓಡುವಾಗ ಎಡವುತ್ತದೆ. ಎಡವಿದ ಜಾಗಗಳನ್ನು ಗುರುತು ಹಾಕಿಕೊಂಡರೆ ನೋಡಿದ್ದು ಎಷ್ಟು, ಸೇರಿಸಿಕೊಂಡದ್ದು ಎಷ್ಟು ಎಂಬ ಅಂದಾಜು ಸಿಗುತ್ತದೆ.

ಮೂರನೆಯವರು ಆಟೊ ಚಾಲಕರ ಸಂಘದ ಕಾರ್ಯದರ್ಶಿ. ಇವರ ಮಾತಿಗೆ ಪಕ್ಷವಿದೆ, ಅದನ್ನು ಅವರೂ ಮುಚ್ಚಿಡುವುದಿಲ್ಲ. ಆದರೆ ಇವರ ಹತ್ತಿರ ಮಾತಿಗಿಂತ ಬೆಲೆಯ ವಸ್ತುವೊಂದಿದೆ: ಯೂಟ್ಯೂಬಿನಲ್ಲಿ ವಿಡಿಯೊ ಓಡುತ್ತಿದ್ದಾಗ ತೆಗೆದ ಎರಡು ಸ್ಕ್ರೀನ್‌ಶಾಟ್. ಎರಡರಲ್ಲೂ ಕೆಳಗಿನ ಕೆಂಪು ಗೆರೆ ಮತ್ತು ಸಮಯ ಕಾಣುತ್ತದೆ. ಒಂದರಲ್ಲಿ 0:07 / 0:21, ಹುಡುಗನ ಬಲಗೈ ಚಾಲಕನ ಕಾಲರ್ ಮೇಲೆ. ಇನ್ನೊಂದರಲ್ಲಿ 0:15 / 0:21, ಚಾಲಕನ ಕೈ ಭುಜದ ಮಟ್ಟಕ್ಕಿಂತ ಮೇಲೆ.

ಚಿತ್ರವನ್ನು ಚಂದ ಕಾಣಲೆಂದು ಸುತ್ತ ಕತ್ತರಿಸಿ ಕಳಿಸುವ ಅಭ್ಯಾಸ ಎಲ್ಲರಿಗೂ ಇದೆ. ಕಾರ್ಯದರ್ಶಿ ಹಾಗೆ ಮಾಡಿದ್ದರೆ ಇಡೀ ಪ್ರಕರಣದ ಏಕೈಕ ಗಟ್ಟಿ ಆಧಾರ ಹೋಗುತ್ತಿತ್ತು. ಎರಡು ಕ್ಷಣಗಳಲ್ಲಿ ಯಾವುದು ಮೊದಲು ಎಂದು ಯಾರ ನೆನಪಿನ ಹಂಗೂ ಇಲ್ಲದೆ ಹೇಳುತ್ತಿರುವುದು ಆ ಪುಟ್ಟ ಅಂಕಿಗಳು ಮಾತ್ರ. ತುಣುಕಿನ ಒಟ್ಟು ಉದ್ದ 21 ಸೆಕೆಂಡು ಎಂಬುದೂ ಅವುಗಳಿಂದಲೇ ಗೊತ್ತಾಗಿದ್ದು. ನಾಳೆ ಯಾರಾದರೂ 14 ಸೆಕೆಂಡಿನ ಪ್ರತಿ ತಂದುಕೊಟ್ಟರೆ ಅದು ಪೂರ್ತಿಯಲ್ಲ ಎಂದು ಕೂಡಲೇ ತಿಳಿಯುತ್ತದೆ.

ಇನ್ನೊಂದು ಜಾಗ ಹುಡುಕುವುದು ಬಾಕಿ ಇದೆ. ಯೂಟ್ಯೂಬಿನ ಪ್ರತಿ ವಿಡಿಯೊಗೂ 11 ಅಕ್ಷರಗಳ ಗುರುತು ಇರುತ್ತದೆ, ಲಿಂಕಿನಲ್ಲಿ `v=` ಆದಮೇಲೆ ಬರುವುದು ಅದೇ. ವಿಡಿಯೊ ಏರಿಸಿದಾಗ ಯೂಟ್ಯೂಬ್ ತಾನಾಗಿ ಮೂರು ಪುಟ್ಟ ಚಿತ್ರಗಳನ್ನು ತೆಗೆದಿಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ ಕಾಲು, ಅರ್ಧ, ಮುಕ್ಕಾಲು ಭಾಗದ ಹತ್ತಿರದಿಂದ. ಅವುಗಳ ವಿಳಾಸ ಹೀಗಿರುತ್ತದೆ, VIDEO_ID ಇರುವಲ್ಲಿ ಆ 11 ಅಕ್ಷರ ಹಾಕಬೇಕು:

```
https://i.ytimg.com/vi/VIDEO_ID/1.jpg
https://i.ytimg.com/vi/VIDEO_ID/2.jpg
https://i.ytimg.com/vi/VIDEO_ID/3.jpg
```

ವಿಡಿಯೊ ಹೋದ ಮೇಲೂ ಇವು ಕೆಲವೊಮ್ಮೆ ಸ್ವಲ್ಪ ಕಾಲ ಉಳಿದಿರುತ್ತವೆ. ಹೋಗಿದ್ದರೆ ಬೂದುಬಣ್ಣದ ಖಾಲಿ ಚಿತ್ರ ಬರುತ್ತದೆ. ನಮ್ಮ ಪ್ರಸಂಗದಲ್ಲಿ ಮೊದಲಿನ ಎರಡು ಸಿಕ್ಕವು ಎಂದುಕೊಳ್ಳೋಣ. ಒಂದರಲ್ಲಿ, ಅಂದರೆ ಐದನೇ ಸೆಕೆಂಡಿನ ಸುಮಾರಿಗೆ, ಬೈಕು ಆಟೊದ ಮುಂದೆ ಅಡ್ಡ ನಿಂತಿದೆ. ಹತ್ತನೇ ಸೆಕೆಂಡಿನ ಸುಮಾರಿನದರಲ್ಲಿ ಯಾರದೋ ಬೆನ್ನು ಅಡ್ಡಬಂದು ಏನೂ ಕಾಣುವುದಿಲ್ಲ. ಇವು 120 ಚುಕ್ಕೆ ಅಗಲ, 90 ಚುಕ್ಕೆ ಎತ್ತರದ ಚಿತ್ರಗಳು, ಅಂಚೆಚೀಟಿಯಷ್ಟು. ಬೈಕು ಎಲ್ಲಿತ್ತು ಎಂದು ಹೇಳಬಹುದು, ಮುಷ್ಟಿ ಬಿಗಿದಿತ್ತೋ ಬಿಚ್ಚಿತ್ತೋ ಹೇಳಲಾಗದು.

ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲೂ ಹುಡುಕಬಹುದು. ಅಲ್ಲಿ ಶೀರ್ಷಿಕೆ, ಹಾಕಿದ ದಿನಾಂಕ ಇರುವ ಪುಟದ ಪ್ರತಿ ಸಿಗುವುದುಂಟು, ವಿಡಿಯೊ ಕಡತ ಸಿಗುವುದು ಅಪರೂಪ. ಹಾಕಿದ ದಿನಾಂಕ ಘಟನೆ ನಡೆದ ದಿನಾಂಕವಲ್ಲ ಎಂಬುದನ್ನಂತೂ ಯಾರೂ ಮರೆಯಬಾರದು. ಕರಾಚಿಯ ಚಿತ್ರ ಭಾರತದಲ್ಲಿ ಹರಿದಾಡಿದ್ದು ಅದನ್ನು ಮಾಡಿದ ಎಷ್ಟೋ ಕಾಲದ ನಂತರ.

ಇಷ್ಟೆಲ್ಲ ಆದಮೇಲೆ ಉಪಸಂಪಾದಕರು ಬರೆಯುವ ಟಿಪ್ಪಣಿ ಹೀಗಿರುತ್ತದೆ:

"ಈ ವಿಡಿಯೊವನ್ನು ನಾನು ನೋಡಿಲ್ಲ. ತೆರೆದಾಗ, ಹಾಕಿದವರೇ ತೆಗೆದಿದ್ದಾರೆ ಎಂಬ ಸಂದೇಶವಿತ್ತು. ಉದ್ದ 21 ಸೆಕೆಂಡು (ಸ್ಕ್ರೀನ್‌ಶಾಟ್). ಸುಮಾರು 5ನೇ ಸೆಕೆಂಡಿನಲ್ಲಿ ಬೈಕು ಆಟೊದ ಮುಂದೆ ಅಡ್ಡ ನಿಂತಿದೆ (ಯೂಟ್ಯೂಬಿನ ಪುಟ್ಟ ಚಿತ್ರ). 7ನೇ ಸೆಕೆಂಡಿನಲ್ಲಿ ಹುಡುಗನ ಕೈ ಚಾಲಕನ ಕಾಲರ್ ಮೇಲಿದೆ, 15ನೇ ಸೆಕೆಂಡಿನಲ್ಲಿ ಚಾಲಕನ ಕೈ ಎತ್ತರದಲ್ಲಿದೆ (ಸ್ಕ್ರೀನ್‌ಶಾಟ್). ಎತ್ತಿದ ಕೈ ಹೊಡೆಯಿತೇ, ತಡೆಯಲು ಎತ್ತಿದ್ದೇ ಎಂಬುದು ತಿಳಿಯದು. 7ರಿಂದ 15ರ ನಡುವೆ, 15ರ ನಂತರ ಮತ್ತು ಕ್ಯಾಮೆರಾ ಶುರುವಾಗುವ ಮುಂಚೆ ಏನಾಯಿತೆಂಬುದಕ್ಕೆ ಆಧಾರವಿಲ್ಲ. ಹುಡುಗ ಏನೂ ಮಾಡಿರಲಿಲ್ಲ ಎಂಬುದು ಶಬ್ದವಿಲ್ಲದೆ ನೋಡಿದ ಒಬ್ಬರ ಮಾತು. ಸ್ಕ್ರೀನ್‌ಶಾಟ್ ಕೊಟ್ಟವರು ಆಟೊ ಚಾಲಕರ ಸಂಘದವರು."

ಸಪ್ಪೆ ಬರಹ. ಅಮಾಯಕ ಎಂಬ ಪದವಿಲ್ಲ, ಹಲ್ಲೆ ಎಂಬ ಪದವೂ ಇಲ್ಲ. ಹುಡುಗನೇ ಮೊದಲು ಹೊಡೆದ ಎಂದೂ ಇದು ಹೇಳುವುದಿಲ್ಲ. ಕಾಲರ್ ಹಿಡಿಯುವ ಮುಂಚೆ ಚಾಲಕ ಒಂದೇಟು ಕೊಟ್ಟಿದ್ದರೆ? ಆ ಏಳು ಸೆಕೆಂಡಿನಲ್ಲಿ ಕೈಗೆ ಸಿಕ್ಕಿರುವುದು ಅಂಚೆಚೀಟಿಯಷ್ಟು ಚಿತ್ರವೊಂದೇ. ಪ್ರತಿ ವಾಕ್ಯಕ್ಕೂ ಅದು ಎಲ್ಲಿಂದ ಬಂತು ಎಂಬ ಬಾಲವಿರುವುದರಿಂದ, ನಾಳೆ ಮೂಲ ಸಿಕ್ಕರೆ ಯಾವ ವಾಕ್ಯವನ್ನು ಹೊಡೆದುಹಾಕಬೇಕೆಂದು ಬೇರೊಬ್ಬರಿಗೂ ತಿಳಿಯುತ್ತದೆ.

ಪ್ರತಿ ಸಿಕ್ಕರೂ ನೆಮ್ಮದಿಯಿಲ್ಲ. ಕಡತವೊಂದು ಮೂಲದ ಪಡಿಯಚ್ಚು ಹೌದೋ ಅಲ್ಲವೋ ಎಂದು ನೋಡಲು ಹ್ಯಾಶ್ ಎಂಬ ಲೆಕ್ಕವಿದೆ. ಕಡತದ ಎಲ್ಲ ಅಂಕಿಗಳನ್ನೂ ಅರೆದು ಅದು ಒಂದು ನಿಗದಿತ ಉದ್ದದ ಸಂಖ್ಯೆ ಕೊಡುತ್ತದೆ, ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ತೊಂದರೆಯೆಂದರೆ, ಗ್ಯಾಲರಿಯಿಂದ ವಿಡಿಯೊ ಆರಿಸಿ ಕಳಿಸಿದಾಗ ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ಅದನ್ನು ಕುಗ್ಗಿಸುತ್ತದೆ. ಆಗ ದೃಶ್ಯ ಅದೇ ಇದ್ದರೂ ಹ್ಯಾಶ್ ಬೇರೆ. ಆದ್ದರಿಂದ ಹ್ಯಾಶ್ ಕೂಡಿದರೆ ಎರಡೂ ಒಂದೇ ಎಂದು ಹೇಳಬಹುದು, ಕೂಡದಿದ್ದರೆ ಕೈಚಳಕ ನಡೆದಿದೆ ಎಂದು ಹೇಳಲಾಗದು. ಅಲ್ಲದೆ, ಮೂಲ ಇದ್ದಾಗಲೇ ಯಾರಾದರೂ ಹ್ಯಾಶ್ ಬರೆದಿಟ್ಟಿದ್ದರೆ ತಾನೇ ಹೋಲಿಸಲು ಸಾಧ್ಯ?

ಹಾಗೆ ಬರೆದಿಡುವುದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ. ಸಿರಿಯಾದ ಯುದ್ಧ ಮೊಬೈಲ್ ಕ್ಯಾಮೆರಾಗಳ ಕಾಲದ ಯುದ್ಧ. ಬಾಂಬು ಬಿದ್ದ ಬೀದಿಯಿಂದ ಜನ ನೇರವಾಗಿ ಯೂಟ್ಯೂಬಿಗೆ ಏರಿಸುತ್ತಿದ್ದರು. 2017ರಲ್ಲಿ ಯೂಟ್ಯೂಬ್ ಉಗ್ರವಾದಿ ವಿಡಿಯೊಗಳನ್ನು ಯಂತ್ರದಿಂದಲೇ ಗುರುತಿಸಿ ತೆಗೆಯಲು ಶುರುಮಾಡಿದಾಗ, ಕೊಂದವರ ಪ್ರಚಾರದ ಜೊತೆಗೆ ಕೊಲೆಯನ್ನು ದಾಖಲಿಸಿದವರ ಚಾನೆಲ್ಲುಗಳೂ ಭಾರಿ ಸಂಖ್ಯೆಯಲ್ಲಿ ಹೋದವು. ಮನುಷ್ಯರು ನೋಡಿ ಬೆಲೆ ಕಟ್ಟುವ ಮುಂಚೆಯೇ ಎಷ್ಟೋ ಕಡತಗಳು ಇಲ್ಲವಾದವು. 2014ರಲ್ಲಿ ಹಾದಿ ಅಲ್ ಖತೀಬ್ ಮತ್ತು ಸಂಗಡಿಗರು ಕಟ್ಟಿದ ಸಿರಿಯನ್ ಆರ್ಕೈವ್ ಇಂಥ ವಿಡಿಯೊಗಳನ್ನು ಹ್ಯಾಶ್ ಸಹಿತ ಇಳಿಸಿಟ್ಟುಕೊಳ್ಳುತ್ತ ಬಂದಿತ್ತು, ತೆಗೆದುಹಾಕಿದ್ದನ್ನು ಮರಳಿ ತರಿಸಲು ಕಂಪನಿಯೊಂದಿಗೆ ಓಡಾಡಿತು. ಹ್ಯೂಮನ್ ರೈಟ್ಸ್ ವಾಚ್ 2020ರಲ್ಲಿ ತನ್ನದೇ ಹಳೆಯ ವರದಿಗಳು ಆಧಾರವಾಗಿ ತೋರಿಸಿದ್ದ ಸಾಮಾಜಿಕ ಜಾಲತಾಣದ ಕೊಂಡಿಗಳನ್ನು ಮತ್ತೆ ಒತ್ತಿ ನೋಡಿತು. ನೂರಕ್ಕೆ 11ರಷ್ಟು ಸತ್ತಿದ್ದವು.

ವಿಡಿಯೊ ಉಳಿದರೆ ಏನಾಗಬಹುದು ಎಂಬುದಕ್ಕೆ ಲಿಬಿಯಾ ಪ್ರಕರಣವಿದೆ. 2017ರ ಆಗಸ್ಟ್ 15ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಮಹಮೂದ್ ಅಲ್ ವರ್ಫಲ್ಲಿ ಎಂಬ ಕಮಾಂಡರನ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಬೆಂಗಾಜಿಯ ಸುತ್ತಮುತ್ತ ಏಳು ಘಟನೆಗಳಲ್ಲಿ 33 ಜನರನ್ನು ಕೊಂದ ಆರೋಪ. ಆಧಾರಗಳಲ್ಲಿ ಮುಖ್ಯವಾದವು ಜಾಲತಾಣಗಳಿಗೆ ಬಂದ ವಿಡಿಯೊಗಳು. ಯಾರು ಆಜ್ಞೆ ಕೊಟ್ಟರು, ಆಮೇಲೆ ಯಾರು ಗುಂಡು ಹಾರಿಸಿದರು ಎಂಬ ಅನುಕ್ರಮವೇ ಅಲ್ಲಿ ಆರೋಪದ ಬೆನ್ನೆಲುಬು, ಏಕೆಂದರೆ ಅಧಿಕಾರಿಯ ಹೊಣೆ ನಿಲ್ಲುವುದು ಆಜ್ಞೆ ಮೊದಲು ಬಂದಿದ್ದರೆ. ಕಿತ್ತಳೆ ಬಣ್ಣದ ಬಟ್ಟೆ ತೊಡಿಸಿದ್ದ ಕೈದಿಗಳನ್ನು ಕೊಂದ ವಿಡಿಯೊದ ಜಾಗವನ್ನು ಬೆಲಿಂಗ್‌ಕ್ಯಾಟ್ ತನಿಖಾ ತಂಡ ಉಪಗ್ರಹ ಚಿತ್ರಗಳಲ್ಲಿ ಹುಡುಕಿ, ಅಲ್ಲಿನ ನೆಲದ ಮೇಲಿನ ಕಪ್ಪು ಕಲೆಗಳನ್ನು ತೋರಿಸಿತು. ವಿಡಿಯೊ ಇಲ್ಲದಿದ್ದರೂ ಉಪಗ್ರಹ ಕಲೆಗಳನ್ನು ಕಾಣಿಸಬಹುದಿತ್ತು. ಆಜ್ಞೆಯನ್ನು ಕಾಣಿಸುತ್ತಿರಲಿಲ್ಲ. ವರ್ಫಲ್ಲಿ ನ್ಯಾಯಾಲಯಕ್ಕೆ ಬರಲೇ ಇಲ್ಲ. 2021ರ ಮಾರ್ಚಿನಲ್ಲಿ ಬೆಂಗಾಜಿಯಲ್ಲಿ ಅವನನ್ನೇ ಗುಂಡಿಟ್ಟು ಕೊಂದರು, ಮರುವರ್ಷ ಪ್ರಕರಣ ಮುಚ್ಚಿತು.

ನಮ್ಮ ನ್ಯಾಯಾಲಯಗಳಲ್ಲೂ ಅಳಿದ ವಿಡಿಯೊದ ಬಾಯಿಮಾತಿನ ವರ್ಣನೆಗೆ ಹೆಚ್ಚು ತೂಕವಿಲ್ಲ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಪ್ರಮಾಣಪತ್ರ ಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿತು, 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಅದನ್ನೇ ಗಟ್ಟಿ ಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಬರೆಯಲು ಜಾಗವೇ ಇದೆ. ಕಡತವಿಲ್ಲದೆ ಹ್ಯಾಶ್ ಇಲ್ಲ. ಹೀಗಾಗಿ ಉಪಸಂಪಾದಕರ ಟಿಪ್ಪಣಿಯಂಥದ್ದು ತನಿಖೆಗೆ ದಾರಿ ತೋರಿಸಬಹುದು, ವಿಡಿಯೊದ ಜಾಗದಲ್ಲಿ ಕೂರಲಾರದು.

ಆದರೆ ತೆಗೆದದ್ದೆಲ್ಲ ಆ ಕ್ಷಣವೇ ನಾಶವಾಯಿತು ಎಂದುಕೊಳ್ಳಬೇಕಿಲ್ಲ. ನಿಯಮಕ್ಕೆ ವಿರುದ್ಧವೆಂದು ಜಾಲತಾಣ ತಾನೇ ತೆಗೆದ ವಿಷಯವನ್ನು ತನಿಖೆಗಾಗಿ 180 ದಿನ ಕಾಪಿಟ್ಟಿರಬೇಕು ಎನ್ನುತ್ತವೆ 2021ರ ಐಟಿ ನಿಯಮಗಳು. ಅದನ್ನು ಕೇಳಿ ಪಡೆಯುವ ಅಧಿಕಾರ ಪೊಲೀಸರಿಗೆ, ನ್ಯಾಯಾಲಯಕ್ಕೆ ಇದೆ, ಪತ್ರಿಕೆಗಿಲ್ಲ. ಹಾಕಿದವರೇ ಅಳಿಸಿದ್ದರೆ ಮಾತ್ರ ಬೇರೆ ಲೆಕ್ಕ, ಅಲ್ಲಿ ಮೊದಲು ಹೋಗಬೇಕಾದ್ದು ಅವರ ಫೋನಿನ ಹತ್ತಿರ. ಆರು ತಿಂಗಳು ಎಂದರೆ ಧಾರಾಳ ಎನ್ನಿಸಬಹುದು. ದೂರು ದಾಖಲಾಗಿ, ಪತ್ರ ಕಂಪನಿಗೆ ಹೋಗಿ, ಪೂರ್ತಿ ವಿಳಾಸ ಕಳಿಸಿ ಎಂದು ಅಲ್ಲಿಂದ ತಿರುಗಿ ಬಂದು, ಮತ್ತೆ ಹೋಗುವಷ್ಟರಲ್ಲಿ ಅದು ಕರಗುತ್ತದೆ. ದೂರಿನಲ್ಲಿ ಬರೀ ಚಾನೆಲಿನ ಹೆಸರು, ವಿಡಿಯೊದ ಶೀರ್ಷಿಕೆ ಬರೆದಿದ್ದರೆ ಸಾಲದು. ಆ 11 ಅಕ್ಷರಗಳು ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಸಮೇತ ಇದ್ದ ಹಾಗೇ ಇರಬೇಕು.